ಚಿಕ್ಕಮ್ಮನ ಬಂಗು, ಬಿಳುಪಿನ ಟ್ಯೂಬು

ಕಿರಂಗೂರಿನ ನಮ್ಮ ಚಿಕ್ಕಮ್ಮನಿಗೆ ಕೆನ್ನೆ ಮೇಲೆ ಬಂಗು. ಮೆಡಿಕಲ್ ಸ್ಟೋರಲ್ಲಿ ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ರು. ಹದಿನೈದೇ ದಿನಕ್ಕೆ ಮುಖ ತಿಳಿಯಾಯ್ತು, ಬೀದಿಯೋರೆಲ್ಲ ಟ್ಯೂಬಿನ ಹೆಸರು ಕೇಳಿದ್ರು. ಬಿಟ್ಟ ವಾರಕ್ಕೆ ಉರಿ, ಗುಳ್ಳೆ. ಮತ್ತೆ ಹಚ್ಚಿದ್ರೆ ತಣ್ಣಗೆ. ಹೀಗೇ ಒಂದೂವರೆ ವರ್ಷ.

ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಮೂರು ಹೆಸರಿತ್ತು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಚರ್ಮ ಬಣ್ಣ ಮಾಡೋದನ್ನ ತಡೆಯುತ್ತೆ, ಎರಡನೆಯದು ಮೇಲ್ಪದರ ಬೇಗ ಉದುರಿಸುತ್ತೆ, ಮೂರನೆಯದು ಸ್ಟೀರಾಯ್ಡ್. ಬಂಗಿಗೆ ಡಾಕ್ಟರು ಕೆಲವು ವಾರಕ್ಕಷ್ಟೇ ಬರೆಯೋ ಔಷಧಿ ಇದು. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗಿ ಕೆಂಪು ಗೆರೆ ಕಾಣುತ್ತೆ, ಮುಖದಲ್ಲಿ ಕೂದಲೂ ಬರಬಹುದು. ಇಂಥ ಸ್ಟೀರಾಯ್ಡ್ ಕ್ರೀಮು ಚೀಟಿಯಿಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ, ಆದ್ರೂ ಸಿಗುತ್ತೆ.

ಜಾಹೀರಾತಿನ ಫೇರ್‌ನೆಸ್ ಕ್ರೀಮಿನ ಕಥೆ ಬೇರೆ. ಎಷ್ಟೋ ಕ್ರೀಮುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಇರುತ್ತೆ. ಹಚ್ಚಿದ ಕೂಡಲೇ ಕಾಣೋ ಬಿಳುಪು ಅದರದ್ದು, ಮುಖ ತೊಳೆದ್ರೆ ಹೋಯ್ತು. ಜೊತೆಗಿರೋ ನಯಾಸಿನಮೈಡ್ ಕಲೆಯನ್ನ ನಿಧಾನವಾಗಿ ಸ್ವಲ್ಪ ತಿಳಿ ಮಾಡಬಹುದು, ಹುಟ್ಟಿನ ಬಣ್ಣ ಬದಲಿಸಲ್ಲ.

ಬಂಗಿಗೆ ಬಿಸಿಲೇ ಶತ್ರು ಕಣ್ರೀ. ಚರ್ಮದ ಡಾಕ್ಟರು ಚಿಕ್ಕಮ್ಮನಿಗೆ ಸ್ಟೀರಾಯ್ಡನ್ನ ಹಂತಹಂತವಾಗಿ ಬಿಡಿಸಿ, ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೊಟ್ರು. ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆ ಹಚ್ಚಬೇಕು, ಗದ್ದೆಯಲ್ಲಿದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಉರಿ ಇಳಿದ ಮೇಲೆ ರಾತ್ರಿಗೆ ಅಜೆಲಾಯಿಕ್ ಆಸಿಡ್.

ಮೂರು ತಿಂಗಳಿಗೆ ಬಂಗು ಮಸುಕಾಯ್ತು, ಪೂರ್ತಿ ಹೋಗಿಲ್ಲ. ಈಗ ಕಬ್ಬಿನ ಗದ್ದೆಗೆ ಹೊರಡೋವಾಗ ಸೆರಗಿನ ಮೇಲೊಂದು ಟೋಪಿ. ನಗೋರು ನಗ್ತಾರೆ.