ಬ್ಯಾಲೆನ್ಸ್ ನೋಡಿ ರೇಗಿದೆವು

ಸಂತೇಬೆನ್ನೂರಿನ ಪುಷ್ಕರಣಿ ಪಕ್ಕ ನಮ್ಮ ಹೊಸ ಬೈಕು ಬಿದ್ದಿತ್ತು. ಗ್ಯಾರೇಜಿಗೆ ನಾವೇ ಕಟ್ಟಿದ್ದು 8,400 ರೂಪಾಯಿ. ವಿಮೆ ಹಣ ಬಂದ ದಿನ ಬ್ಯಾಂಕ್ ಬ್ಯಾಲೆನ್ಸ್ ಏರಿದ್ದು ಬರೀ 4,650. ಏಜೆಂಟರಿಗೆ ಫೋನ್ ಮಾಡಿ ರೇಗಿದೆವು.

ಆಮೇಲೆ ಸೆಟಲ್‌ಮೆಂಟ್ ಪತ್ರ ಓದಿದೆವು. ಬಿಲ್ಲಿನಲ್ಲಿ ಪ್ಲಾಸ್ಟಿಕ್ ಭಾಗಗಳದ್ದೇ 3,000. ಅದಕ್ಕೆ ಸವಕಳಿ ಅಂತ ಅರ್ಧ, ಅಂದರೆ 1,500 ಕಡಿತ. ನಾವೇ ಭರಿಸಬೇಕಾದ ಕಡ್ಡಾಯ ಪಾಲು 100. ಬೈಕಿಗೆ ಆರು ತಿಂಗಳೂ ತುಂಬಿರಲಿಲ್ಲ, ಹಾಗಾಗಿ ಲೋಹದ ಭಾಗಗಳಿಗೆ ಕಡಿತವಿಲ್ಲ. ಉಳಿದದ್ದು 6,800.

ಸ್ಟೇಟ್‌ಮೆಂಟ್ ತೆಗೆಸಿದೆವು. ಪತ್ರದ ತಾರೀಖು ಜೂನ್ 10, ಹಣ ಜಮಾ ಆದದ್ದು 12. ಜಮಾ ಸಾಲಿನಲ್ಲಿ ಸರಿಯಾಗಿ 6,800 ಇತ್ತು. ವಿಮೆಯವರ ಮೆಸೇಜಿನ ಯುಟಿಆರ್ ನಂಬರೂ ತಾಳೆಯಾಯಿತು. ಅದರ ಕೆಳಗೇ, ಅದೇ ದಿನ, ಬೈಕ್ ಸಾಲದ ಕಂತು 2,150 ಕಡಿತವಾಗಿತ್ತು.

ಏಜೆಂಟರಿಗೆ ಮತ್ತೆ ಫೋನ್ ಮಾಡಿದೆವು, ತಪ್ಪಾಯ್ತು ಅನ್ನಲು.