ಖಾಲಿಯಲ್ಲದ ಖಾಲಿ ಜಾಗ

ಶಾಸನಗಳ ಮೇಲೆ ಕೆಲಸ ಮಾಡುವ ನಾವು ಐದಾರು ಸಂಶೋಧನಾ ವಿದ್ಯಾರ್ಥಿಗಳು ವಾರಕ್ಕೆ ಮೂರು ಚಿತ್ರಗಳನ್ನು ಜಾಲದಲ್ಲಿ ಪ್ರಕಟಿಸುತ್ತೇವೆ. ಭಾನುವಾರ ಸಂಜೆ ಇಡೀ ವಾರದ್ದನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ತುಂಬಿಸಿಟ್ಟರೆ, ಗೊತ್ತುಮಾಡಿದ ದಿನ ಬೆಳಗ್ಗೆ ಎಂಟಕ್ಕೆ ಪುಟ್ಟ ಪ್ರೋಗ್ರಾಮೊಂದು ಅವನ್ನು ತಾನೇ ಕಳಿಸುತ್ತದೆ. ಪ್ರತಿ ಚಿತ್ರದ ಜೊತೆ ಎರಡು ಬರಹ ಹೋಗಬೇಕು. ಒಂದು, ಎಲ್ಲರಿಗೂ ಕಾಣುವ ಅಡಿಬರಹ. ಇನ್ನೊಂದು ಆಲ್ಟ್ ಟೆಕ್ಸ್ಟ್, ಅಂದರೆ ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಚಿತ್ರದ ಬದಲಾಗಿ ಗಟ್ಟಿಯಾಗಿ ಓದಿ ಹೇಳುವ ವಿವರಣೆ. ಅದಿಲ್ಲದಿದ್ದರೆ ಸ್ಕ್ರೀನ್ ರೀಡರ್ ಬರೀ ‘ಚಿತ್ರ’ ಎಂದು ಮುಂದೆ ಹೋಗುತ್ತದೆ, ಇಲ್ಲವೇ `IMG_2041.jpg` ಎಂಬ ಕಡತದ ಹೆಸರನ್ನೇ ಓದುತ್ತದೆ.

ಇವೆರಡೂ ಇಲ್ಲದ ಚಿತ್ರವನ್ನು ಪ್ರೋಗ್ರಾಮು ಕಳಿಸದೆ ತಡೆಯಬೇಕು ಎಂಬುದು ನಮ್ಮ ನಿಯಮ. ಮೊದಮೊದಲು ಅದು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಆಲ್ಟ್ ಟೆಕ್ಸ್ಟಿನ ಮನೆ ಖಾಲಿ ಇದೆಯೇ? ಆದರೂ ಒಂದು ದಿನ ವಿವರಣೆಯೇ ಇಲ್ಲದ ಚಿತ್ರ ಹೊರಟುಹೋಯಿತು. ಶೀಟಿನಲ್ಲಿ ನೋಡಿದರೆ ಮನೆ ಖಾಲಿ, ಪ್ರೋಗ್ರಾಮಿನ ಪ್ರಕಾರ ಅಲ್ಲಿ ಒಂದು ಅಕ್ಷರವಿದೆ!

ಆ ಅಕ್ಷರ ಕನ್ನಡ ಟೈಪಿಂಗಿನದೇ ಕೂಸು. ಮೇಲೆ ಬರೆದ ‘ಸ್ಪ್ರೆಡ್‌ಶೀಟ್’ ಪದದಲ್ಲಿ ‘ಶೀ’ ಒತ್ತಾಗಿ ‘ಡ’ದ ಕೆಳಗೆ ಇಳಿಯದಂತೆ ನಡುವೆ ಒಂದು ಅಗೋಚರ ಗುರುತು ಇರುತ್ತದೆ. ಯೂನಿಕೋಡಿನಲ್ಲಿ ಅದು `U+200C`. ಯಾರೋ ಪದ ಅಳಿಸುವಾಗ ಆ ಗುರುತು ಮಾತ್ರ ಉಳಿದುಕೊಂಡಿತ್ತು. ಪೈಥಾನಿನ `strip()` ಅಂಚಿನ ಖಾಲಿ ಜಾಗಗಳನ್ನು ತೆಗೆಯುತ್ತದೆ. ಇದನ್ನು ಖಾಲಿ ಜಾಗವೆಂದು ಲೆಕ್ಕಿಸುವುದಿಲ್ಲ, ಹಾಗಾಗಿ ಮುಟ್ಟುವುದಿಲ್ಲ. ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆವು. ಖಾಲಿಯೇ ಎಂದು ಕೇಳುವ ಬದಲು, ಕನ್ನಡದ ಸ್ವರ ವ್ಯಂಜನಗಳು ಎಷ್ಟಿವೆ ಎಂದು ಎಣಿಸಿದೆವು.

```python
import re
def saaku(alt):
    return len(re.findall("[ಅ-ಹ]", alt)) >= 20
```

ಇದರಿಂದ ಇನ್ನೊಂದು ತೊಡಕೂ ಬಿಡಿಸಿಕೊಂಡಿತು. ‘ವೀರಗಲ್ಲು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಗುಣಿತದ ಚಿಹ್ನೆಗಳನ್ನೂ ವಿರಾಮವನ್ನೂ ಬಿಡಿಬಿಡಿಯಾಗಿ ಎಣಿಸುವ ಪೈಥಾನಿಗೆ ಎಂಟು. ಮೇಲಿನ ಸಾಲು ಅದನ್ನು ಐದೆಂದು ಎಣಿಸುತ್ತದೆ. ಕಡತದ ಹೆಸರನ್ನೇ ಅಂಟಿಸಿದರೆ, ಚುಕ್ಕಿಗಳನ್ನು ಒತ್ತಿ ತುಂಬಿಸಿದರೆ ಸೊನ್ನೆ ಬರುತ್ತದೆ. ಅಡಿಬರಹವನ್ನೇ ನಕಲು ಮಾಡಿದ್ದರೆ ಹಿಡಿಯಲು ಎರಡನ್ನೂ ಹೋಲಿಸುವ ಬೇರೆ ಸಾಲಿದೆ. ಅಡಿಬರಹದ ಊರು, ಕಾಲ, ಫೋಟೋ ತೆಗೆದವರು ಇವು ಮೂರಕ್ಕೂ ಬೇರೆಬೇರೆ ಮನೆಗಳಿವೆ. ಕಾಲ ತಿಳಿಯದಿದ್ದರೆ ಮನೆ ಖಾಲಿ ಬಿಡುವಂತಿಲ್ಲ, ‘ಕಾಲ ತಿಳಿದಿಲ್ಲ’ ಎಂದೇ ಬರೆಯಬೇಕು. ಮರೆತದ್ದಕ್ಕೂ ಗೊತ್ತಿಲ್ಲದ್ದಕ್ಕೂ ವ್ಯತ್ಯಾಸ ಕಾಣಬೇಕಲ್ಲ.

ಪರೀಕ್ಷೆ ಎರಡು ಸಲ ನಡೆಯುತ್ತದೆ: ಭಾನುವಾರ ತುಂಬಿಸುವಾಗ ಒಮ್ಮೆ, ಕಳಿಸುವ ಮುನ್ನ ಇನ್ನೊಮ್ಮೆ. ನಡುವಿನ ದಿನಗಳಲ್ಲಿ ಯಾರಾದರೂ ಇನ್ನೂ ಸ್ಪಷ್ಟವಾದ ಫೋಟೋ ಸಿಕ್ಕಿತೆಂದು ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಾರೆ. ವಿವರಣೆ ಮಾತ್ರ ಹಳೆಯದರದ್ದೇ ಉಳಿಯುತ್ತದೆ. ಅದಕ್ಕೇ ಭಾನುವಾರ ಪ್ರತಿ ಕಡತದ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು, ಬರೆದಿಟ್ಟುಕೊಳ್ಳುತ್ತೇವೆ. ಹ್ಯಾಶ್ ಬದಲಾಗಿ ವಿವರಣೆ ಬದಲಾಗದಿದ್ದರೆ ಚಿತ್ರ ಅಲ್ಲೇ ನಿಲ್ಲುತ್ತದೆ, ಗುಂಪಿಗೆ ಸಂದೇಶ ಬರುತ್ತದೆ.

ಇಷ್ಟೆಲ್ಲ ದಾಟಿಯೂ ಒಂದು ವಿವರಣೆ ಸೋತ ಬಗೆ ಹೇಳಬೇಕು. ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949ರ ಸುಮಾರಿನ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಡಿಬರಹ ಸರಿಯಾಗಿತ್ತು. ಆಲ್ಟ್ ಟೆಕ್ಸ್ಟ್ ಹೀಗಿತ್ತು: ‘ಹಳಗನ್ನಡ ಬರಹವಿರುವ ಒಂದು ಹಳೆಯ ಕಲ್ಲಿನ ಫೋಟೋ’. ಎಣಿಸಿದರೆ ಇಪ್ಪತ್ತಮೂರು, ಪಾಸು. ಗುಂಪಿನಲ್ಲಿ ಸ್ಕ್ರೀನ್ ರೀಡರ್ ಬಳಸುವ ಗೆಳೆಯನೊಬ್ಬನಿದ್ದಾನೆ. ಕೇಳಿದವನೇ, “ಅಲ್ಲ ಮಾರಾಯ, ಕಲ್ಲು ಅಂತ ನನಗೂ ಗೊತ್ತು. ನಾಯಿ ಎಲ್ಲಿ?” ಅಂದ.

ಆ ಶಾಸನವನ್ನು ಓದಿದವರಿಗೆ ಕಾಳಿ ಎಂಬ ಬೇಟೆನಾಯಿ ಮರೆಯುವುದಿಲ್ಲ. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ನಾಯಿ ಅದು. ಕಾದಾಟವನ್ನು ಕಲ್ಲಿನ ಮೇಲೆಯೇ ಕಡೆದಿದ್ದಾರೆ. ನೋಡಬಲ್ಲವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ವಿವರಣೆಯನ್ನು ಹೀಗೆ ತಿದ್ದಿದೆವು: ‘ನಾಯಿಯೂ ಹಂದಿಯೂ ಕಾದಾಡುತ್ತಿರುವ ಉಬ್ಬುಶಿಲ್ಪ; ಕಲ್ಲಿನ ಉಳಿದೆಡೆ ಹಳಗನ್ನಡ ಬರಹದ ಸಾಲುಗಳು’.

ಎರಡು ವಿವರಣೆಗಳಿಗೂ ಪ್ರೋಗ್ರಾಮು ಕೊಟ್ಟ ಉತ್ತರ ಒಂದೇ: ಸರಿ ಇದೆ. ಅದಕ್ಕೆ ಲೆಕ್ಕ ಬರುತ್ತದೆ, ನಾಯಿ ಕಾಣುವುದಿಲ್ಲ. ಹಾಗಾಗಿ ಶೀಟಿನಲ್ಲಿ ಇನ್ನೊಂದು ಮನೆ ಸೇರಿಸಿದ್ದೇವೆ. ವಿವರಣೆ ಬರೆದವರಲ್ಲದ ಬೇರೊಬ್ಬರು ಚಿತ್ರ ನೋಡದೆ ವಿವರಣೆಯನ್ನಷ್ಟೇ ಓದಿ, ತಮಗೆ ಕಂಡದ್ದನ್ನು ಅಲ್ಲಿ ಒಂದು ಸಾಲಿನಲ್ಲಿ ಬರೆಯಬೇಕು. ಆ ಮನೆ ತುಂಬದೆ ಎಂಟು ಗಂಟೆಗೆ ಏನೂ ಹೊರಡುವುದಿಲ್ಲ.