‘ಇಲ್ಲದಿದ್ದರೆ’ ಎಂಬ ಕಾಲಂ

ನಮ್ಮ ಕಾಲೇಜಿನ ಘಟಕ ಯೋಜನೆಯ ನಮೂನೆಯಲ್ಲಿ ಐದು ಕಾಲಂಗಳಿವೆ: ಅವಧಿ, ಬೋಧನಾಂಶ, ಉದ್ದೇಶ, ಕಲಿಕಾನುಭವ, ಮೌಲ್ಯಮಾಪನ. ಇಂಟರ್ನ್‌ಶಿಪ್‌ನಲ್ಲಿ ಒಂಬತ್ತನೇ ತರಗತಿಯ ಗಣಿತಕ್ಕೆ ಎರಡು ವಾರದ ಪ್ರಾಜೆಕ್ಟ್ ಘಟಕ ಬರೆಯಲು ಕುಳಿತಾಗ ನಾನು ಸ್ಕೇಲು ಹಿಡಿದು ಆರನೆಯದೊಂದು ಕಾಲಂ ಎಳೆದು, ಅದರ ತಲೆಗೆ ‘ಇಲ್ಲದಿದ್ದರೆ’ ಎಂದು ಬರೆದೆ. ಮಕ್ಕಳಿಗೆ ಆ ದಿನದ ಅಂಶ ಹಿಡಿತಕ್ಕೆ ಸಿಗದಿದ್ದರೆ ನಾಳೆ ನಾನೇನು ಮಾಡುತ್ತೇನೆ ಎಂಬುದನ್ನು ಇಂದೇ ಬರೆದಿಡುವ ಜಾಗ ಅದು. ಇಡೀ ಘಟಕ ನಿಂತದ್ದು ಆ ಕಾಲಂನ ಮೇಲೆ. ಅದಕ್ಕೇ ಈ ಲೇಖನ.

ಪ್ರಾಜೆಕ್ಟಿನ ಪ್ರಶ್ನೆ ಸರಳವಾಗಿತ್ತು. ನಮ್ಮ ಅಭ್ಯಾಸ ಶಾಲೆಯ ಹಳೆಯ ಕಟ್ಟಡಕ್ಕೆ ಎರಡೂ ಕಡೆ ಇಳಿಜಾರಿರುವ ಶೀಟಿನ ಸೂರು ಇದೆ. ಅದರ ಮೇಲೆ ಬಿದ್ದ ಮಳೆನೀರು ಅಂಗಳಕ್ಕೆ ಹರಿದು ಹೋಗುತ್ತದೆ. ಅದನ್ನು ಹಿಡಿದು ಮಧ್ಯಾಹ್ನದ ಊಟದ ನಂತರ ಕೈ, ತಟ್ಟೆ ತೊಳೆಯಲು ಬಳಸುವುದಾದರೆ ಎಷ್ಟು ದೊಡ್ಡ ಟ್ಯಾಂಕು ಬೇಕು?

ಯೋಜನೆಯನ್ನು ನಾನು ಕೊನೆಯಿಂದ ಬರೆಯಲು ತೊಡಗಿದೆ. ಅಂತಿಮ ಉತ್ಪನ್ನ ಏನು ಎಂದು ಗೊತ್ತುಮಾಡದೆ ಮೊದಲ ಅವಧಿ ಬರೆದರೆ, ಕೊನೆಯ ದಿನ ಥರ್ಮಾಕೋಲಿನ ಮನೆ, ನೀಲಿ ಬಣ್ಣದ ಹತ್ತಿ, ಬಲ್ಬು ಬಂದು ಮೇಜಿನ ಮೇಲೆ ಕೂರುತ್ತವೆ. ಅದನ್ನು ಮಾಡುವವರೂ ಬಹುಮಟ್ಟಿಗೆ ಅಣ್ಣ, ಅಕ್ಕಂದಿರೇ. ನಮ್ಮ ಉತ್ಪನ್ನ ಒಂದೇ ಪುಟದ ಮನವಿ ಪತ್ರ: ಎಸ್‌ಡಿಎಂಸಿ ಅಧ್ಯಕ್ಷರಿಗೆ, ಜೊತೆಗೆ 1:100 ಪ್ರಮಾಣದ ಒಂದು ನಕ್ಷೆ. ಪತ್ರದಲ್ಲಿ ನಾಲ್ಕು ಸಂಖ್ಯೆ ಇರಲೇಬೇಕು: ಸೂರಿನ ವಿಸ್ತೀರ್ಣ, ವರ್ಷಕ್ಕೆ ಸಿಗುವ ನೀರು, ತಿಂಗಳಿಗೆ ಬೇಕಾಗುವ ನೀರು, ಟ್ಯಾಂಕಿನ ಗಾತ್ರ. ಅಧ್ಯಕ್ಷರು ಗಣಿತದ ಮೇಷ್ಟ್ರಲ್ಲ. ಅವರಿಗೆ ಓದಿದರೆ ಅರ್ಥವಾಗಬೇಕು, ಅವರು ಕೇಳಿದ್ದಕ್ಕೆ ಮಕ್ಕಳು ಉತ್ತರಿಸಬೇಕು. ಈ ನಾಲ್ಕು ಸಂಖ್ಯೆಗಳೇ ತಮ್ಮಷ್ಟಕ್ಕೆ ಮೈಲಿಗಲ್ಲುಗಳಾದವು, ಬೇರೆ ಹುಡುಕಬೇಕಾಗಲಿಲ್ಲ.

ಎರಡು ವಾರಕ್ಕೆ ಗಣಿತದ ಹನ್ನೆರಡು ಅವಧಿ ಸಿಗುತ್ತಿದ್ದವು. ಹತ್ತನ್ನು ತುಂಬಿಸಿ, ಐದನೆಯ ಮತ್ತು ಒಂಬತ್ತನೆಯ ಅವಧಿಗಳನ್ನು ಖಾಲಿ ಬಿಟ್ಟೆ. ಮೇಲ್ವಿಚಾರಕರು ಆ ಖಾಲಿ ಸಾಲುಗಳ ಮೇಲೆ ಬೆರಳಿಟ್ಟು “ಇಲ್ಲೇನಮ್ಮಾ, ಮರೆತುಬಿಟ್ಟೆಯಾ?” ಎಂದರು. ಆರನೆಯ ಕಾಲಂ ತೋರಿಸಿದೆ. ಓದಿ, ಸಹಿ ಹಾಕಿದರು. ಮೊದಲ ಅವಧಿ ಪ್ರಶ್ನೆಗೆ, ಎರಡು ಮತ್ತು ಮೂರು ಅಳತೆಗೆ, ನಾಲ್ಕು ನಕ್ಷೆಗೆ. ಆರು, ಏಳು ಮಳೆಯ ಲೆಕ್ಕಕ್ಕೆ, ಎಂಟು ಬಳಕೆಯ ಲೆಕ್ಕಕ್ಕೆ. ಹತ್ತರಿಂದ ಹನ್ನೆರಡು ಪತ್ರ ಬರೆಯಲು, ಗುಂಪುಗಳು ಅದಲುಬದಲು ಮಾಡಿ ತಿದ್ದಲು, ಓದಿ ಹೇಳಲು. ಖಾಲಿ ಅವಧಿಗಳು ಎರಡು ತಪಾಸಣೆಗಳ ಮರುದಿನಕ್ಕೆ ಬಿದ್ದಿದ್ದವು.

ಮೈಲಿಗಲ್ಲು ಮತ್ತು ತಪಾಸಣೆಯನ್ನು ನಮ್ಮಲ್ಲಿ ಅನೇಕರು ಒಂದೇ ಎಂಬಂತೆ ಬರೆಯುತ್ತೇವೆ. ಮೈಲಿಗಲ್ಲು ಗುಂಪು ಮುಗಿಸಿ ಕೈಗೆ ಕೊಡುವ ವಸ್ತು: ಅಳತೆಯ ನಕ್ಷೆ, ಲೆಕ್ಕದ ಹಾಳೆ. ಆರು ಜನರ ಗುಂಪಿನಲ್ಲಿ ಇಬ್ಬರು ಚುರುಕಿದ್ದರೆ ಸಾಕು, ಅದು ಅಂದವಾಗಿ ಬಂದುಬಿಡುತ್ತದೆ. ಉಳಿದ ನಾಲ್ವರ ತಲೆಯಲ್ಲಿ ಏನಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕಾಗಿ ತಪಾಸಣೆಯನ್ನು ಒಬ್ಬೊಬ್ಬರಿಗೂ ಬೇರೆ ಇಟ್ಟೆ. ಅವಧಿಯ ಕೊನೆಯ ಐದು ನಿಮಿಷ, ಒಂದು ಪ್ರಶ್ನೆ, ಒಂದು ಚೀಟಿ. ಪ್ರಶ್ನೆಗೆ ನಾನು ಇಟ್ಟುಕೊಂಡ ಕಟ್ಟಳೆ ಒಂದೇ: ಅದರ ಉತ್ತರ ನಾಳಿನ ಪಾಠವನ್ನು ಬದಲಿಸುವಂತಿರಬೇಕು. ಉತ್ತರ ಏನೇ ಬಂದರೂ ನಾಳೆ ಅದೇ ಪಾಠ ಎಂದಾದರೆ ಅದು ತಪಾಸಣೆಯಲ್ಲ, ದಾಖಲೆ ಪುಸ್ತಕಕ್ಕೆ ಹಾಕುವ ಸಹಿ.

ಅಳತೆಯ ದಿನ ಯಾರೂ ಸೂರು ಹತ್ತಬಾರದು ಎಂದು ಮೊದಲೇ ಹೇಳಿದ್ದೆ. ಮೂವತ್ತು ಮೀಟರಿನ ಟೇಪು ಒಂದೇ ಇತ್ತು, ಹಾಗಾಗಿ ಮೂರು ಗುಂಪು ಹೊರಗೆ, ಮೂರು ಗುಂಪು ಒಳಗೆ. ಉದ್ದ ಸುಮಾರು 18 ಮೀಟರ್ ಎಂದು ಎಲ್ಲರಿಗೂ ಹತ್ತಿರ ಹತ್ತಿರ ಬಂತು. ತೊಡಕಿದ್ದುದು ಅಗಲದಲ್ಲಿ. ಎರಡು ಗುಂಪಿನವರು ನೆಲದಲ್ಲಿ ಸೂರಿನ ಹನಿ ಬಿದ್ದು ಆದ ಗುಂಡಿಗಳ ಸಾಲನ್ನು ಗುರುತಿಸಿ, ಒಂದು ಬದಿಯ ಸಾಲಿನಿಂದ ಇನ್ನೊಂದು ಬದಿಯ ಸಾಲಿಗೆ ಅಳೆದರು: 7 ಮೀಟರ್. ಉಳಿದವರು ಗೋಡೆಯ ಇಟ್ಟಿಗೆ ವರಸೆ ಎಣಿಸಿ ಮೊಗಡಿನ ಎತ್ತರ ಸುಮಾರು 1.9 ಮೀಟರ್ ಎಂದು ಕಂಡುಕೊಂಡು, ಅರ್ಧ ಅಗಲ 3.5 ಮೀಟರನ್ನು ಜೊತೆಗಿಟ್ಟು, ಪೈಥಾಗೊರಸ್ ಪ್ರಮೇಯದಿಂದ ಒಂದು ಬದಿಯ ಇಳಿಜಾರು 4 ಮೀಟರ್ ಎಂದು ತೆಗೆದರು. ಎರಡು ಬದಿಗೆ 8 ಮೀಟರ್. ಹೀಗೆ ತರಗತಿಯಲ್ಲಿ ಎರಡು ವಿಸ್ತೀರ್ಣಗಳು ಹುಟ್ಟಿದವು: 126 ಚದರ ಮೀಟರ್, 144 ಚದರ ಮೀಟರ್. ಎರಡನೆಯವರ ಗಣಿತವೇ ಹೆಚ್ಚು ಕಷ್ಟದ್ದು, ಅದರಲ್ಲಿ ಒಂದು ತಪ್ಪೂ ಇಲ್ಲ. ಶೀಟಿಗೆ ಬಣ್ಣ ಬಳಿಯಲು ಎಷ್ಟು ಬೇಕೆಂದು ಕೇಳಿದ್ದರೆ ಅವರದೇ ಸರಿ. ಆದರೆ ಮಳೆ ಮೇಲಿನಿಂದ ಬೀಳುತ್ತದೆ. ಅದಕ್ಕೆ ಸೂರು ನೆಲದ ಮೇಲೆ ಎಷ್ಟು ಜಾಗ ಮುಚ್ಚಿದೆ ಎಂಬುದಷ್ಟೇ ಲೆಕ್ಕ.

ಇದು ಬರುತ್ತದೆಂದು ಗೊತ್ತಿದ್ದುದರಿಂದಲೇ ಮೊದಲ ಚೀಟಿಯ ಪ್ರಶ್ನೆ ಹೀಗಿತ್ತು: “ಇದೇ ಅಗಲದ ಕಟ್ಟಡಕ್ಕೆ ಸೂರನ್ನು ಇನ್ನೂ ಕಡಿದಾಗಿ ಎತ್ತಿ ಕಟ್ಟಿದರೆ ಹೆಚ್ಚು ಮಳೆನೀರು ಸಿಗುತ್ತದೆಯೇ? ಯಾಕೆ?” ಆರನೆಯ ಕಾಲಂನಲ್ಲಿ ಬರೆದಿದ್ದದ್ದು: ‘ಹೆಚ್ಚು ಸಿಗುತ್ತದೆ’ ಎಂಬ ಉತ್ತರ 12ಕ್ಕಿಂತ ಹೆಚ್ಚಿದ್ದರೆ ಐದನೆಯ ಅವಧಿ ಇಡೀ ತರಗತಿಗೆ, ಕಡಿಮೆ ಇದ್ದರೆ ಆ ಮಕ್ಕಳ ಜೊತೆ ಮಾತ್ರ ಕೂರುವುದು, ಉಳಿದವರು ಮಳೆಯ ಲೆಕ್ಕಕ್ಕೆ ಹೋಗುವುದು. ಸಂಜೆ ಮೂವತ್ತಾರು ಚೀಟಿಗಳನ್ನು ಮೂರು ಗುಡ್ಡೆ ಮಾಡಿದೆ. ‘ಅಷ್ಟೇ ಸಿಗುತ್ತದೆ’ 11, ‘ಹೆಚ್ಚು’ 19, ಕಾರಣವಿಲ್ಲದವು 6. ಹನಿಗುಂಡಿ ಸಾಲು ಅಳೆದ ಗುಂಪುಗಳಲ್ಲೂ ‘ಹೆಚ್ಚು’ ಎಂದವರಿದ್ದರು. ನಕ್ಷೆ ಸರಿ, ತಿಳಿವಳಿಕೆ ಬೇರೆ; ಮೈಲಿಗಲ್ಲನ್ನಷ್ಟೇ ನೋಡಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಮರುದಿನ ಗುಂಪಿಗೊಂದು ಗ್ರಾಫ್ ಹಾಳೆ, ಒಂದು ರಟ್ಟು. ರಟ್ಟನ್ನು ಅಂಗಾತ ಇಟ್ಟು ಎಷ್ಟು ಚೌಕ ಮುಚ್ಚಿತು ಎಣಿಸಿ, ನಡುವೆ ಮಡಿಸಿ ಸೂರಿನಂತೆ ನಿಲ್ಲಿಸಿ ಮತ್ತೆ ಮೇಲಿನಿಂದ ಎಣಿಸಿ, ಇನ್ನೂ ಕಡಿದಾಗಿಸಿ ಎಣಿಸಿ. ರಟ್ಟು ಅಷ್ಟೇ ಇದೆ, ಮುಚ್ಚಿದ ಚೌಕ ಕಡಿಮೆಯಾಗುತ್ತಾ ಬಂತು. ಪೈಥಾಗೊರಸ್ ಗುಂಪಿನ ಒಬ್ಬ ಹುಡುಗ ಬಹಳ ಹೊತ್ತು ಒಪ್ಪಲಿಲ್ಲ. “ಮಿಸ್, ಶೀಟು ಜಾಸ್ತಿ ಇದ್ರೆ ನೀರು ಜಾಸ್ತಿ ಬಡಿಯುತ್ತಲ್ವಾ?” ಎಂದು ಕೇಳುತ್ತಲೇ ಇದ್ದ. “ಅದೇ ನೀರೇ ಕಣೋ, ಜಾಸ್ತಿ ಶೀಟಿನ ಮೇಲೆ ತೆಳ್ಳಗೆ ಬೀಳುತ್ತೆ” ಎಂದದ್ದು ನಾನಲ್ಲ, ಅವನ ಪಕ್ಕದ ಹುಡುಗಿ. ಗಾಳಿಗೆ ಮಳೆ ಓರೆಯಾಗಿ ಬಂದರೆ ಏನು ಎಂದು ಇನ್ನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ, ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಬೀಳುತ್ತದೆ, ನಮ್ಮ ಲೆಕ್ಕಕ್ಕೆ ಅಷ್ಟು ಸಾಕು ಎಂದು ಮುಂದೆ ಹೋದೆ.

ಮಳೆಯ ಅಂಕಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ ತಂದಿದ್ದೆ. ಮಕ್ಕಳು ತಿಂಗಳವಾರು ಸರಾಸರಿಯನ್ನು ಹತ್ತರ ದುಂಡು ಸಂಖ್ಯೆಗೆ ತಂದು ವರ್ಷಕ್ಕೆ 600 ಮಿಲಿಮೀಟರ್ ಎಂದಿಟ್ಟುಕೊಂಡರು. ಇಲ್ಲಿ ಏಕಮಾನದ ಗೊಂದಲ ಬಂದೇ ಬರುತ್ತದೆ. 126ನ್ನು 600ರಿಂದ ಗುಣಿಸಿ 75,600 ಘನ ಮೀಟರ್ ಎಂದು ಬರೆದವರಿದ್ದರು. ಅಷ್ಟು ನೀರಿದ್ದರೆ ಊರ ಕೆರೆಯೇ ಆಗುತ್ತದೆ. ನೆಲದ ಮೇಲೆ ಒಂದು ಮೀಟರ್ ಚೌಕ ಬರೆಸಿ, ಅದರಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಎಷ್ಟು ಎಂದು ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಿಸಿದೆ: 100 × 100 × 0.1, ಅಂದರೆ 1,000 ಘನ ಸೆಂಟಿಮೀಟರ್, ಒಂದು ಲೀಟರ್. ಹಾಗಾದರೆ 75,600 ಲೀಟರ್. ಒಂದಷ್ಟು ಸೋರುತ್ತದೆ, ಆರುತ್ತದೆ, ಚೆಲ್ಲುತ್ತದೆ. ಶೀಟಿನ ಸೂರಿಗೆ 0.8 ಎಂದು ಹಿಡಿದೆವು. ಆಗ ಒಂದು ಮಿಲಿಮೀಟರ್ ಮಳೆಗೆ ಹೆಚ್ಚೂಕಡಿಮೆ 100 ಲೀಟರ್. ಈ ಸಂಖ್ಯೆ ಮಕ್ಕಳ ಬಾಯಲ್ಲಿ ನಿಂತುಬಿಟ್ಟಿತು. ವರ್ಷಕ್ಕೆ 60,000 ಲೀಟರ್.

ಬಳಕೆ: ಊಟದ ಹೊತ್ತಿಗೆ ಬಕೆಟ್ಟು, ಮಗ್ಗು ಹಿಡಿದು ನಿಂತ ಗುಂಪೊಂದು ತಲೆಗೆ ಸುಮಾರು 3 ಲೀಟರ್ ಎಂದು ಅಳೆಯಿತು. 160 ಮಕ್ಕಳಿಗೆ ದಿನಕ್ಕೆ 500 ಲೀಟರಿನಂತೆ, 22 ದಿನಕ್ಕೆ 11,000.

ಎರಡನೆಯ ಚೀಟಿ: “ವರ್ಷಕ್ಕೆ 60,000 ಲೀಟರ್ ಸಿಗುವುದಾದರೆ 60,000 ಲೀಟರಿನ ಟ್ಯಾಂಕು ಬೇಕೇ?” ಬೇಡ ಎಂದು ಕಾರಣ ಸಹಿತ ಬರೆದವರು 25 ಜನ. ಕಟ್ಟಳೆಯ ಪ್ರಕಾರ ಇಡೀ ತರಗತಿಗೆ ಪಾಠ ಬೇಕಿರಲಿಲ್ಲ. ಉಳಿದವರ ಜೊತೆ ಮಧ್ಯಾಹ್ನ ಹದಿನೈದು ನಿಮಿಷ ಕೂತೆ. ಒಂಬತ್ತನೆಯ ಅವಧಿ ಹೇಗೂ ತಾಲೂಕು ಕ್ರೀಡಾಕೂಟಕ್ಕೆ ಹೋಯಿತು.

ಟ್ಯಾಂಕಿನ ಗಾತ್ರ ನಿಂತಿರುವುದು ಬಂದ ನೀರಿನ ಮೇಲಲ್ಲ, ಬಳಸಿ ಉಳಿದ ನೀರಿನ ಮೇಲೆ. ಜೂನ್‌ನಲ್ಲಿ 6,000, ಜುಲೈನಲ್ಲಿ 8,000, ಆಗಸ್ಟ್‌ನಲ್ಲಿ 9,000 ಲೀಟರ್ ಬರುತ್ತದೆ. ಮೂರೂ ತಿಂಗಳು ಬಳಕೆಗಿಂತ ಕಡಿಮೆ. ಸೆಪ್ಟೆಂಬರಿನ 13,000ದಲ್ಲಿ 2,000, ಅಕ್ಟೋಬರಿನ 12,000ದಲ್ಲಿ 1,000 ಉಳಿಯುತ್ತದೆ. ಅಲ್ಲಿಗೆ 3,000. ಆದರೆ ಒಂದೇ ರಾತ್ರಿ 50 ಮಿಲಿಮೀಟರ್ ಸುರಿದರೆ 5,000 ಲೀಟರ್ ಒಟ್ಟಿಗೆ ಬರುತ್ತದೆ, ಆದ್ದರಿಂದ 5,000 ಲೀಟರಿನ ಟ್ಯಾಂಕು ಎಂದು ಮೂರು ಗುಂಪು ಬರೆದವು. ಇನ್ನೊಂದು ಗುಂಪು ನಾನು ಯೋಜನೆಯಲ್ಲಿ ಎಲ್ಲೂ ಬರೆಯದಿದ್ದದ್ದನ್ನು ಹಿಡಿಯಿತು: ಏಪ್ರಿಲ್, ಮೇ ತಿಂಗಳ 90 ಮಿಲಿಮೀಟರ್ ಮಳೆ ಬೀಳುವುದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಆಗ ತಟ್ಟೆ ತೊಳೆಯುವವರೇ ಇಲ್ಲ. ಹಿಡಿದಿಟ್ಟರೆ 9,000 ಲೀಟರ್ ಶಾಲೆ ತೆರೆಯುವ ದಿನಕ್ಕೆ ಸಿದ್ಧ. ಅದು ಸೇರಿದರೆ ಜೂನ್ ಕೊನೆಗೆ 4,000, ಜುಲೈ ಕೊನೆಗೆ 1,000 ಉಳಿದಿರುತ್ತದೆ. ಆ ಗುಂಪಿನ ಪತ್ರ ಓದಿದ ಮತ್ತೊಂದು ಗುಂಪು ತನ್ನ 5,000ವನ್ನು ಹೊಡೆದುಹಾಕಿ 10,000 ಮಾಡಿತು. ಆರನೆಯ ಗುಂಪು ಈ ವರ್ಷ ಒಂದು, ಮುಂದಿನ ವರ್ಷ ಒಂದು 5,000ದ ಟ್ಯಾಂಕು ಎಂದು ಬರೆದು, ಅದರ ಅಡ್ಡಗಲ 1.8 ಮೀಟರ್, ಎತ್ತರ 2 ಮೀಟರ್ ಎಂದು ಲೆಕ್ಕ ಹಾಕಿ, ಸೂರಿನ ಅಂಚಿನ ಕೆಳಗೆ ಅದು ಹಿಡಿಯುತ್ತದೆಂದು ನಕ್ಷೆಯಲ್ಲಿ ತೋರಿಸಿತ್ತು.

ಅಂಕಗಳಲ್ಲಿ ಅರ್ಧ ಗುಂಪಿನ ಪತ್ರಕ್ಕೆ, ಅರ್ಧ ಒಬ್ಬೊಬ್ಬರ ಚೀಟಿಗೆ. ಮೊದಲ ಚೀಟಿಯನ್ನು ರಟ್ಟಿನ ಪಾಠದ ನಂತರ ಮತ್ತೆ ಬರೆಯಲು ಬಿಟ್ಟು, ಎರಡನೆಯ ಉತ್ತರಕ್ಕೆ ಅಂಕ ಕೊಟ್ಟೆ. ಹಾಗೆ ಮಾಡದಿದ್ದರೆ ಮಕ್ಕಳು ಚೀಟಿಯಲ್ಲಿ ತಮಗನಿಸಿದ್ದನ್ನು ಬರೆಯುವುದಿಲ್ಲ, ಪಕ್ಕದವರದ್ದನ್ನು ಬರೆಯುತ್ತಾರೆ.

ಹನ್ನೆರಡನೆಯ ಅವಧಿಗೆ ಅಧ್ಯಕ್ಷರು ಬಂದರು. ಪತ್ರಗಳನ್ನೆಲ್ಲ ಕೇಳಿ, “ಮೊದಲನೇ ಮಳೇಲಿ ಸೂರಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಬರುತ್ತಲ್ಲಪ್ಪ, ಅದಕ್ಕೇನು ಮಾಡ್ತೀರಿ?” ಎಂದರು. ಪತ್ರದಲ್ಲಿ ಅದಿರಲಿಲ್ಲ. ಪೈಥಾಗೊರಸ್ ಗುಂಪಿನ ಅದೇ ಹುಡುಗ ಎದ್ದು, “ಮೊದಲಿನ ಒಂದು ಮಿಲಿಮೀಟರ್ ಬಿಟ್ಬಿಡೋಣ ಸರ್, ನೂರೇ ಲೀಟರ್ ಹೋಗೋದು” ಎಂದ. ಅಧ್ಯಕ್ಷರು ಎರಡು ಪತ್ರಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು, ಪೈಪಿನ ಖರ್ಚೆಷ್ಟಾಗುತ್ತದೆ ಬರೆದುಕೊಡಿ ಎಂದು ಹೇಳಿಹೋದರು. ಆ ಲೆಕ್ಕ ಈಗ ಶಾಲೆಯ ಗಣಿತ ಶಿಕ್ಷಕರ ಕೈಯಲ್ಲಿದೆ.